420 ಹೋಗಿ 318 ಬಂದ ದಿನ: ಒಂದೇ ಸುದ್ದಿ, ಮೂರು ಕ್ಯಾಪ್ಶನ್

2024ರ ಜುಲೈ 1, ಸೋಮವಾರ. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ದಿನ. ಸಿಆರ್‌ಪಿಸಿ ಮತ್ತು ಹಳೇ ಸಾಕ್ಷ್ಯ ಕಾಯ್ದೆ ಕೂಡ ಅವತ್ತೇ ಹೋದವು. ನಾನು ದಾವಣಗೆರೆಯಲ್ಲಿ ಅಂಗಡಿ, ಕಚೇರಿಗಳ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಪೇಜುಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಗಿರಾಕಿಗಳಲ್ಲಿ ಮೂವರಿಗೆ ಈ ಸುದ್ದಿ ಮೇಲೆ ಪೋಸ್ಟ್ ಬೇಕಿತ್ತು. ಒಬ್ಬರು ವಿದ್ಯಾನಗರದಲ್ಲಿ ಟೀ ಅಂಗಡಿ ಇಟ್ಟಿರುವ ಅಣ್ಣ. ಇನ್ನೊಬ್ಬರು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನವರು. ಮೂರನೆಯವರು ನಾಲ್ಕೈದು ಜೂನಿಯರ್‌ಗಳನ್ನು ಇಟ್ಟುಕೊಂಡು ಕಚೇರಿ ನಡೆಸುವ ಹಿರಿಯ ವಕೀಲರು.

ಇಂಥ ಕೆಲಸಕ್ಕೆ ಕೂತಾಗ ನಾನು ಮೊದಲು ಕ್ಯಾಪ್ಶನ್ ಬರೆಯುವುದಿಲ್ಲ. ಸುದ್ದಿಯನ್ನು ಒಂದು ಹಾಳೆಯಲ್ಲಿ ಒಣಒಣವಾಗಿ ಬರೆದುಕೊಳ್ಳುತ್ತೇನೆ. ತಮಾಷೆ ಬೇಡ, ಗಾಂಭೀರ್ಯವೂ ಬೇಡ. ಅವತ್ತಿನ ಹಾಳೆಯಲ್ಲಿ ಇದ್ದದ್ದು ಇಷ್ಟು: ಮೂರು ಕಾನೂನು ಜುಲೈ 1ರಿಂದ ಜಾರಿ. ಅದಕ್ಕೆ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ. ಐಪಿಸಿಯಲ್ಲಿ 511 ಸೆಕ್ಷನ್ ಇತ್ತು, ಹೊಸದರಲ್ಲಿ 358. ವಂಚನೆಯ 420 ಈಗ 318(4). ಕೊಲೆಯ 302 ಈಗ 103. ಅಜಾಗರೂಕತೆಯಿಂದ ಸಾವಾದರೆ ಮೊದಲು 2 ವರ್ಷದವರೆಗೆ ಜೈಲು, ಈಗ 106(1)ರಲ್ಲಿ 5 ವರ್ಷದವರೆಗೆ. ಗುದ್ದಿ ಓಡಿದವರಿಗೆ ಇನ್ನೂ ಹೆಚ್ಚು ಶಿಕ್ಷೆ ಅನ್ನುವ, ಲಾರಿ ಚಾಲಕರು ಜನವರಿಯಲ್ಲಿ ವಿರೋಧಿಸಿ ಮುಷ್ಕರ ಮಾಡಿದ್ದ 106(2)ನ್ನು ಮಾತ್ರ ಸರ್ಕಾರ ತಡೆಹಿಡಿದಿದೆ.

ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ. ಈ ಮಾತು ಯಾರ ಬಾಯಲ್ಲಿ ಬಂದರೆ ಜನ ನಂಬುತ್ತಾರೆ? ದನಿಯ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಜಾಸ್ತಿ ಜನ ಒಂದೇ ವಿಷಯ ಇಟ್ಟುಕೊಂಡು, ಒಬ್ಬರಿಗೆ ಎಮೋಜಿ ಹಾಕಿ, ಇನ್ನೊಬ್ಬರಿಗೆ ದೊಡ್ಡ ಪದ ಹಾಕಿ ಕೊಡುತ್ತಾರೆ. ಮಾತು ಮಾತ್ರ ಅದೇ ಇರುತ್ತದೆ, ಓದುವವರಿಗೆ ಅದು ಗೊತ್ತಾಗಿಬಿಡುತ್ತದೆ. ಟೀ ಅಂಗಡಿಯವರು "358 ಸೆಕ್ಷನ್" ಅಂದರೆ ಯಾರಿಗೆ ಬೇಕು? ಆದರೆ 420 ಅನ್ನುವ ಸಂಖ್ಯೆ ಟೀ ಅಂಗಡಿಯದ್ದೇ. ಬೆಂಚಿನ ಮೇಲೆ ಕೂತು "ಅವನೊಬ್ಬ ಫೋರ್ ಟ್ವೆಂಟಿ" ಅಂತ ಬಯ್ಯದವರು ಯಾರಿದ್ದಾರೆ? ಹಾಗಾಗಿ ಹಾಳೆಯಿಂದ ಟೀ ಅಂಗಡಿಗೆ ಸಿಕ್ಕಿದ್ದು ಆ ಒಂದೇ ಸಾಲು.

ಅಣ್ಣನ ಆಸೆ ಬೇರೆ ಇತ್ತು. "ಅಕ್ಕಾ, ಸಾಲ ಹೇಳಿ ಹೋದೋರೆಲ್ಲ ಇನ್ಮೇಲೆ 318 ಅಂತ ಹಾಕ್ರಿ, ನಗ್ತಾರೆ" ಅಂದರು. ನಗುತ್ತಾರೆ, ನಿಜ. ಆದರೆ ಅವರ ಅಂಗಡಿಯಲ್ಲಿ ಸಾಲದ ಪುಸ್ತಕ ಇರುವುದೇ ಹಾಸ್ಟೆಲ್ ಹುಡುಗರಿಗಾಗಿ, ಪೇಜ್ ನೋಡುವವರೂ ಅವರೇ. ಎದುರಿಗೇ ನಿಂತು ವಂಚಕ ಅಂದ ಹಾಗಾಗುತ್ತದೆ. ಇನ್ನೊಂದು ತೊಡಕೂ ಇತ್ತು. ಸುಮ್ನೆ ಬಾಕಿ ಉಳಿಸಿಕೊಂಡರೆ ಅದು ಕಾನೂನಿನಲ್ಲಿ ವಂಚನೆ ಆಗುವುದಿಲ್ಲ. ಶುರುವಿನಲ್ಲೇ ಮೋಸದ ಉದ್ದೇಶ ಇರಬೇಕು. ತಮಾಷೆಯ ಬುಡದಲ್ಲಿ ತಪ್ಪು ಮಾಹಿತಿ ಇದ್ದರೆ ಕಾಮೆಂಟಿನಲ್ಲಿ ಯಾರಾದರೂ ಲಾ ಕಾಲೇಜ್ ಹುಡುಗ ಬಂದು ಪಾಠ ಮಾಡುತ್ತಾನೆ. ಆಮೇಲೆ ನಗೋದು ಅಂಗಡಿ ನೋಡಿ.

ಆದ್ದರಿಂದ ತಮಾಷೆಯನ್ನು ಅಂಗಡಿಯ ಕಡೆಗೇ ತಿರುಗಿಸಿದೆ. ಕೊನೆಗೆ ಹೋದದ್ದು ಹೀಗೆ:

"420 ಹೋಯ್ತು, 318 ಬಂತು. ನಮ್ಮ ಟೀ ಮಾತ್ರ ಹಳೇದೇ ಸ್ಟ್ರಾಂಗು. ನೀರು ಜಾಸ್ತಿ ಅನ್ಸಿದ್ರೆ ನಮ್ಮ ಮೇಲೇ 318 ಹಾಕ್ರಿ. ವಿಚಾರಣೆ ಸಂಜೆ ಬೆಂಚಿನ ಮೇಲೆ. ಮಂಡಕ್ಕಿ ಮಿರ್ಚಿ ಸಾಕ್ಷಿ."

ಇದರಲ್ಲಿ ಲೆಕ್ಕ ಹಾಕಿ ಇಟ್ಟ ಸಂಗತಿಗಳಿವೆ. ಮೊದಲ ಸಾಲು ಚಿಕ್ಕದು, ಯಾಕೆಂದರೆ ಇನ್‌ಸ್ಟಾಗ್ರಾಂನಲ್ಲಿ ಒಂದೆರಡು ಸಾಲಿನ ನಂತರ ಉಳಿದದ್ದು ಮಡಚಿಕೊಳ್ಳುತ್ತದೆ. "ಹಾಕ್ರಿ" ಅನ್ನುವುದು ಅಣ್ಣ ದಿನಾ ಆಡುವ ಮಾತು. ನಾನು ಹೊಸ ಗಿರಾಕಿ ಸಿಕ್ಕಾಗ ಗಲ್ಲೆಯ ಪಕ್ಕ ಕೂತು ಅವರು ಜನರ ಜೊತೆ ಹೇಗೆ ಮಾತಾಡುತ್ತಾರೆ ಅಂತ ಬರೆದುಕೊಳ್ಳುತ್ತೇನೆ. ಅಣ್ಣ ಹುಡುಗರಿಗೂ "ರೀ" ಹಚ್ಚುತ್ತಾರೆ, ಯಾರಿಗೂ "ಮಚ್ಚಾ" ಅನ್ನುವುದಿಲ್ಲ. ಹಾಗಾಗಿ ಪೇಜಿನಲ್ಲೂ ಮಚ್ಚಾ ಇಲ್ಲ. ಬೆಂಗಳೂರಿನ ಮೀಮ್ ಪೇಜ್ ನೋಡಿ ಬರೆದರೆ ಈ ಅಂಗಡಿಯ ದನಿ ಬರುವುದಿಲ್ಲ.

ಕ್ಯಾಪ್ಶನ್ ಓದಿ ವಕೀಲರು ನಕ್ಕರು. "ಆಹಾರ ಕಲಬೆರಕೆಗೆ 274 ಅಂತ ಬೇರೆ ಸೆಕ್ಷನ್ ಇದೆಯಮ್ಮ" ಅಂದರು. ಇರಲಿ ಸರ್, ಅದನ್ನು ಬದಲಾಯಿಸಲ್ಲ ಅಂದೆ. ಅಲ್ಲಿ 318 ಅನ್ನುವುದು ಗಾದೆಯ ಹಾಗೆ ಬಂದಿದೆ, ಯಾರೂ ಅದನ್ನು ಸಲಹೆ ಅಂತ ತಗೊಳ್ಳಲ್ಲ.

ಅದೇ ದಿನ ಇನ್ನೊಂದು ಸುದ್ದಿ ಓಡುತ್ತಿತ್ತು. ದೆಹಲಿಯಲ್ಲಿ ರೈಲು ನಿಲ್ದಾಣದ ಹತ್ತಿರ ಬೀದಿ ವ್ಯಾಪಾರಿಯೊಬ್ಬರ ಮೇಲೆ ಹೊಸ ಕಾನೂನಿನ ಮೊದಲ ಕೇಸು ಅಂತ. ಅಣ್ಣನಿಗೆ ಅದರ ಮೇಲೂ ಒಂದು ಜೋಕ್ ಬೇಕಿತ್ತು. ನಾನು ಬೇಡ ಅಂದೆ. ಬೀದಿ ಬದಿ ದುಡಿಯುವ ಒಬ್ಬನ ಕಷ್ಟ, ಇನ್ನೊಂದು ಬೀದಿ ಅಂಗಡಿಯ ಜಾಹೀರಾತು ಆಗಬಾರದು. ಅದೂ ಅಲ್ಲದೆ, ಮೊದಲ ಕೇಸು ಗ್ವಾಲಿಯರ್‌ನ ಬೈಕ್ ಕಳ್ಳತನದ್ದು ಅಂತ ಅವತ್ತೇ ಗೃಹ ಸಚಿವ ಅಮಿತ್ ಶಾ ಹೇಳಿದರು. "ಮೊದಲು" ಅನ್ನುವ ಸುದ್ದಿಗೆ ನಾನು ಯಾವ ಪೇಜಿನಲ್ಲೂ ಕೈ ಹಾಕುವುದಿಲ್ಲ. 302, 103 ಕೂಡ ಟೀ ಅಂಗಡಿಯ ಹಾಳೆಯಲ್ಲಿ ಹೊಡೆದುಹಾಕಿದ್ದೆ. ಕೊಲೆಯ ಸಂಖ್ಯೆ ಇಟ್ಟುಕೊಂಡು ತಮಾಷೆ ಮಾಡಿದರೆ, ಮನೆಯಲ್ಲಿ ಅಂಥದ್ದು ಆದವರೊಬ್ಬರು ಅದನ್ನು ಓದುತ್ತಿರಬಹುದು.

ವಕೀಲರ ಕಚೇರಿಯ ಕ್ಯಾಪ್ಶನ್‌ಗೆ ದನಿಗಿಂತ ಮೊದಲು ನಿಯಮ ಬರುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ನೇರವಾಗಲಿ, ಸುತ್ತುಬಳಸಿಯಾಗಲಿ ಜಾಹೀರಾತು ಮಾಡುವ ಹಾಗಿಲ್ಲ, ಕೆಲಸ ಕೇಳುವ ಹಾಗಿಲ್ಲ. 2008ರ ತಿದ್ದುಪಡಿ ಬಂದ ಮೇಲೆ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆ, ಯಾವ ಕ್ಷೇತ್ರದಲ್ಲಿ ವಕೀಲಿ ಮಾಡುತ್ತಾರೆ ಅನ್ನುವಂಥ ಗೊತ್ತುಪಡಿಸಿದ ವಿವರ ಹಾಕಬಹುದು. ಕೆಲಸ ಒಪ್ಪಿಕೊಳ್ಳುವಾಗಲೇ ಸರ್ ಇದನ್ನು ಓದಿಸಿದ್ದರು. ಅಂದರೆ "ನಿಮ್ಮ ಕೇಸಿಗೆ ಏನಾಗುತ್ತೆ? ಇಂದೇ ಕರೆ ಮಾಡಿ" ಅನ್ನುವ ಸಾಲು, ನಾವೆಲ್ಲ ಕಣ್ಣು ಮುಚ್ಚಿ ಬರೆಯುವ ಸಾಲು, ಇಲ್ಲಿ ಇಲ್ಲವೇ ಇಲ್ಲ. "ತಜ್ಞರು" ಇಲ್ಲ. ಗೆದ್ದ ಕೇಸಿನ ಫೋಟೋ ಇಲ್ಲ. ಕಕ್ಷಿದಾರರ ಹೊಗಳಿಕೆ ಇಲ್ಲ. ಊರಿನ ಹೆಸರಿನ ಹ್ಯಾಶ್‌ಟ್ಯಾಗ್ ಜೊತೆ ಬೆಸ್ಟ್ ಲಾಯರ್ ಅನ್ನುವುದಂತೂ ದೂರ.

ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ಬರೀ ಮಾಹಿತಿ. ಅದನ್ನು ಬರೆಯುವಾಗ ಕೈ ತಾನಾಗೇ ಸುತ್ತೋಲೆಯ ಕಡೆ ಜಾರುತ್ತದೆ. "ಸದರಿ", "ಮೇಲ್ಕಂಡ", "ತತ್ಸಂಬಂಧ" ಎಲ್ಲ ಬಂದು ಕೂರುತ್ತವೆ. ನನ್ನ ಮಟ್ಟಿಗೆ ಕಚೇರಿಯ ಗಾಂಭೀರ್ಯ ಅಂದರೆ ಪೂರ್ತಿ ವಾಕ್ಯ, ಪೂರ್ತಿ ಹೆಸರು, ಸರಿಯಾದ ದಿನಾಂಕ, ಮತ್ತು ವಿಶೇಷಣ ಇಲ್ಲದಿರುವುದು. "ಐತಿಹಾಸಿಕ", "ಕ್ರಾಂತಿಕಾರಿ" ಎರಡನ್ನೂ ಹೊರಗಿಟ್ಟೆ. ಕಾನೂನು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಅಭಿಪ್ರಾಯವೂ ಬೇಡ ಅಂದರು ಸರ್. ಹೋದದ್ದು ಇದು:

"2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಾಗೂ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಈ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ 1860ರ ಭಾರತೀಯ ದಂಡ ಸಂಹಿತೆಯೇ ಅನ್ವಯವಾಗುತ್ತದೆ. ಹಿಂದಿನ ಕಲಂ 420ರ ವಂಚನೆ ಅಪರಾಧವು ಹೊಸ ಸಂಹಿತೆಯ ಕಲಂ 318(4)ರಲ್ಲಿದೆ. ಇದು ಸಾಮಾನ್ಯ ಮಾಹಿತಿ. ಇದನ್ನು ಕಾನೂನು ಸಲಹೆ ಎಂದು ಪರಿಗಣಿಸಬಾರದು."

ಇಲ್ಲಿ ಎರಡನೇ ವಾಕ್ಯವೇ ಪೋಸ್ಟಿನ ಜೀವ. ಆ ವಾರ ಕಚೇರಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ, "ನಮ್ಮ ಹಳೇ ಕೇಸು ಏನಾಗುತ್ತೆ ಸರ್?" ಅದಕ್ಕೆ ಉತ್ತರ ಸಿಕ್ಕರೆ ಓದುವವರಿಗೆ ಸಾಕು. ಗಮನಿಸಿ, ಇಲ್ಲೂ 420 ಇದೆ. ಆದರೆ ಜೊತೆಗೆ "ಕಲಂ" ಇದೆ, ಉಪಕಲಂ (4) ಇದೆ. ಟೀ ಅಂಗಡಿಯಲ್ಲಿ ಆ ಆವರಣ ಚಿಹ್ನೆ ಹಾಕಿದ್ದರೆ ಜೋಕ್ ಸತ್ತೇ ಹೋಗುತ್ತಿತ್ತು. ಇಲ್ಲಿ ಬಿಟ್ಟಿದ್ದರೆ ಕಚೇರಿಯ ಮಾನ ಹೋಗುತ್ತಿತ್ತು. 318ರಲ್ಲಿ ಬೇರೆ ಬೇರೆ ಶಿಕ್ಷೆಯ ಉಪಕಲಂಗಳಿವೆ, ಹಳೇ 420ಕ್ಕೆ ಸಮ ಬರುವುದು ನಾಲ್ಕನೆಯದು.

ಟ್ರಾನ್ಸ್‌ಪೋರ್ಟ್ ಆಫೀಸಿನದು ಇವೆರಡರ ನಡುವಿನ ದನಿ. ಮಾಲೀಕರು ವಯಸ್ಸಾದವರು, ಚಾಲಕರ ಜೊತೆ ಮನೆಯ ಹಿರಿಯರ ಥರ ಮಾತಾಡುತ್ತಾರೆ. ಚಾಲಕರಿಗೆ 106(2) ಗೊತ್ತಿತ್ತು, ಅದಕ್ಕಾಗಿ ಗಾಡಿ ನಿಲ್ಲಿಸಿದ್ದವರು. 106(1) ಜಾಸ್ತಿ ಜನರಿಗೆ ಗೊತ್ತಿರಲಿಲ್ಲ. ಹಾಗಾಗಿ ಹೀಗೆ ಬರೆದೆ:

"ನಮ್ಮ ಚಾಲಕ ಬಂಧುಗಳಿಗೆ: ಗುದ್ದಿ ಓಡಿದರೆ 10 ವರ್ಷ ಅನ್ನುವ 106(2) ಸದ್ಯಕ್ಕೆ ಜಾರಿಯಾಗಿಲ್ಲ. ಆದರೆ ಅಜಾಗರೂಕತೆಯಿಂದ ಸಾವಾದರೆ 5 ವರ್ಷದವರೆಗೆ ಶಿಕ್ಷೆ ಇಂದಿನಿಂದ ಇದೆ. ನಿದ್ದೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ. ಲೋಡು ತಡವಾದರೆ ಪಾರ್ಟಿ ಜೊತೆ ನಾವು ಮಾತಾಡುತ್ತೇವೆ."

ಕೊನೆಯ ಸಾಲನ್ನು ಮಾಲೀಕರನ್ನು ಕೇಳಿಯೇ ಹಾಕಿದ್ದು. ಅವರು ಆ ಮಾತಿಗೆ ನಿಲ್ಲುವುದಿಲ್ಲ ಅಂದಿದ್ದರೆ ಬರೆಯುತ್ತಿರಲಿಲ್ಲ. ಕ್ಯಾಪ್ಶನ್ ಎಷ್ಟು ಆತ್ಮೀಯವಾಗಿದ್ದರೂ, ಆಫೀಸಿಗೆ ಹೋದ ಚಾಲಕನಿಗೆ ಬೇರೆ ಉತ್ತರ ಸಿಕ್ಕರೆ ಪೇಜೇ ಸುಳ್ಳಾಗುತ್ತದೆ.

ಹಾಕುವ ಮೊದಲು ನಾನು ಮಾಡುವ ಪರೀಕ್ಷೆ ಸುಲಭದ್ದು. ಹೆಸರು, ಲೋಗೋ ತೆಗೆದು ಮೂರೂ ಕ್ಯಾಪ್ಶನ್‌ಗಳನ್ನು ನನ್ನ ತಂಗಿಗೆ ವಾಟ್ಸಾಪ್ ಮಾಡುತ್ತೇನೆ. ಯಾವುದು ಯಾರದು ಅಂತ ಅವಳು ಹೇಳಬೇಕು. ವಕೀಲರ ಪೋಸ್ಟನ್ನು ಬ್ಯಾಂಕಿನದು ಅಂದರೆ ತುಂಬ ಸಪ್ಪೆಯಾಗಿದೆ ಅಂತ ಅರ್ಥ, ತಿರುಗಿ ಕೂರುತ್ತೇನೆ. ಆಮೇಲೆ ಕ್ಯಾಪ್ಶನನ್ನು ಆಯಾ ಗಿರಾಕಿಯಿಂದಲೇ ಜೋರಾಗಿ ಓದಿಸುತ್ತೇನೆ. ಅಣ್ಣ ಎಲ್ಲಿ ತಡವರಿಸುತ್ತಾರೋ ಆ ಪದ ಅವರದ್ದಲ್ಲ, ಅದು ಹೋಗುತ್ತದೆ.

ಪೋಸ್ಟ್ ಹಾಕಿದ ಮೇಲೆ ಕಾಮೆಂಟಿನ ಕೆಲಸ ಇರುತ್ತದೆ, ದನಿ ಜಾಸ್ತಿ ಕೆಡುವುದು ಅಲ್ಲೇ. ಟೀ ಅಂಗಡಿಯಲ್ಲಿ ಒಬ್ಬ ಹುಡುಗ "ಅಣ್ಣಾ, ನನ್ನ ಬಾಕಿ 318ಕ್ಕೆ ಬರುತ್ತಾ?" ಅಂತ ಕೇಳಿದ್ದ. "ಬರಲ್ಲ ಬಿಡ್ರಿ, ಆದ್ರೆ ನೀವು ಬರ್ರಿ" ಅಂತ ಉತ್ತರ ಹೋಯಿತು. ವಕೀಲರ ಪೇಜಿನಲ್ಲಿ ಒಬ್ಬರು ತಮ್ಮ ಜಮೀನಿನ ವ್ಯಾಜ್ಯವನ್ನೆಲ್ಲ ಎದುರಾಳಿಯ ಹೆಸರು ಸಮೇತ ಬರೆದಿದ್ದರು. ಅದನ್ನು ಕೂಡಲೇ ಮರೆಮಾಡಿ ಸರ್‌ಗೆ ತಿಳಿಸಿದೆ. "ವೈಯಕ್ತಿಕ ಪ್ರಕರಣಗಳ ಬಗ್ಗೆ ಇಲ್ಲಿ ಉತ್ತರಿಸಲಾಗುವುದಿಲ್ಲ. ಪ್ರಕರಣದ ವಿವರಗಳನ್ನು ದಯವಿಟ್ಟು ಸಾರ್ವಜನಿಕವಾಗಿ ಬರೆಯಬೇಡಿ" ಅನ್ನುವ ಎರಡು ವಾಕ್ಯ ಅವರೇ ಬರೆದುಕೊಟ್ಟರು. ಆ ಪೇಜಿನಲ್ಲಿ ಇಂಥ ಪ್ರಶ್ನೆಗೆ ಇವತ್ತಿಗೂ ನಾನು ಕಳಿಸುವುದು ಅದನ್ನೇ.