ಮೂಲೆಯಿಂದ ಎದುರು ಮೂಲೆಗೆ ಚಿನ್ನದ ಪಟ್ಟಿ

ಬೈಕಂಪಾಡಿಯ ಒಂದು ಸಣ್ಣ ಘಟಕದಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಡೈ ನಕ್ಷೆ, ಅಂದರೆ ಹಾಳೆಯನ್ನು ಎಲ್ಲಿ ಕತ್ತರಿಸಿ ಎಲ್ಲಿ ಮಡಚಬೇಕು ಎನ್ನುವ ನಕ್ಷೆ, ಬರೆಯುವುದು ನನ್ನ ಕೆಲಸ. ಗೇರುಬೀಜದ ಗಿಫ್ಟ್ ಬಾಕ್ಸು, ಸ್ವೀಟ್ ಬಾಕ್ಸು, ಅಗರಬತ್ತಿ ಡಬ್ಬಿ, ಏನೇ ಇದ್ದರೂ ನನ್ನ ಕಣ್ಣಿಗೆ ಅದು ಮೊದಲು ಕಾಣುವುದು ಹಾಳೆಯಾಗಿ, ಆಮೇಲೆ ಪೆಟ್ಟಿಗೆಯಾಗಿ. ಮಂಗಳೂರಿನ ಗೇರುಬೀಜದ ಅಂಗಡಿಯವರೊಬ್ಬರು ದೀಪಾವಳಿಗೆ ಮಾಡಿಸಿದ ಪೆಟ್ಟಿಗೆಯಲ್ಲಿ ಈ ಅಭ್ಯಾಸ ಚೆನ್ನಾಗಿ ಉಪಯೋಗಕ್ಕೆ ಬಂತು. ಪೆಟ್ಟಿಗೆ ನಿಲ್ಲಿಸಿದಾಗ 24 ಸೆಂ.ಮೀ. ಎತ್ತರ, ಮುಂದಿನ ಮುಖ 10 ಸೆಂ.ಮೀ. ಅಗಲ, ಪಕ್ಕದ ಮುಖ 8 ಸೆಂ.ಮೀ. ಅಗಲ. ಎದುರಿನ ಎಡ ಕೆಳಮೂಲೆಯಿಂದ ಹಿಂದಿನ ಬಲ ಮೇಲ್ಮೂಲೆಗೆ, ಅಂದರೆ ಪೂರಾ ಎದುರುಬದುರು ಮೂಲೆಗೆ, ಆರು ಮಿ.ಮೀ. ಅಗಲದ ಚಿನ್ನದ ಬಣ್ಣದ ಅಂಟುಪಟ್ಟಿ ಓಡಬೇಕು. ಪಟ್ಟಿ ಎಲ್ಲೂ ಸುಕ್ಕಾಗಬಾರದು, ಆದಷ್ಟು ಕಡಿಮೆ ಉದ್ದ ಖರ್ಚಾಗಬೇಕು.

ಸುಕ್ಕು ಮತ್ತು ಉದ್ದ ಎರಡು ಬೇರೆ ಬೇಡಿಕೆಗಳ ಹಾಗೆ ಕಂಡರೂ ಎರಡಕ್ಕೂ ಬೇಕಾದದ್ದು ಒಂದೇ. ಪೆಟ್ಟಿಗೆಯ ಅಂಚನ್ನು ಬಿಚ್ಚಿ ಎರಡು ಮುಖಗಳನ್ನು ಮೇಜಿನ ಮೇಲೆ ಚಪ್ಪಟೆ ಮಾಡಿದರೆ ಯಾವ ಅಳತೆಯೂ ಬದಲಾಗುವುದಿಲ್ಲ. ರಟ್ಟು ಎಳೆಯುವುದಿಲ್ಲ, ಕುಗ್ಗುವುದಿಲ್ಲ, ಬರೀ ಮಡಿಕೆ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಚಪ್ಪಟೆ ಹಾಳೆಯ ಮೇಲೆ ಎರಡು ಮೂಲೆಗಳ ನಡುವೆ ಸ್ಕೇಲಿಟ್ಟು ಎಳೆದ ನೇರ ಗೆರೆಯೇ, ಆ ಎರಡು ಮುಖಗಳ ಮೇಲೆ ಹೋಗುವ ದಾರಿಗಳಲ್ಲೆಲ್ಲ ಗಿಡ್ಡದ್ದು. ಹಾಳೆಯ ಮೇಲೆ ನೇರವಾಗಿ ಅಂಟಿಸಿದ ಪಟ್ಟಿ ಪೆಟ್ಟಿಗೆ ಮಡಚಿದ ಮೇಲೂ ಸುಕ್ಕಾಗುವುದಿಲ್ಲ.

ನಮ್ಮ ಡೈಯಲ್ಲಿ ನಾಲ್ಕು ಪಕ್ಕಗಳು ಒಂದರ ಮಗ್ಗುಲಿಗೆ ಒಂದು ನಿಂತಿರುತ್ತವೆ: 10, 8, 10, 8. ಎಲ್ಲದರ ಎತ್ತರ 24. ಮುಂದಿನ ಮುಖ ಮತ್ತು ಬಲ ಪಕ್ಕ ಸೇರಿ 18 ಅಗಲ, 24 ಎತ್ತರದ ಒಂದೇ ಆಯತ. ಹೊರಡುವ ಮೂಲೆ ಅದರ ಎಡ ಕೆಳಗೆ, ತಲುಪುವ ಮೂಲೆ ಬಲ ಮೇಲೆ. ಪೈಥಾಗೊರಸ್ ಹಾಕಿದರೆ 18² + 24² = 324 + 576 = 900. ಅದರ ವರ್ಗಮೂಲ ಸರಿಯಾಗಿ 30 ಸೆಂ.ಮೀ.

ಇಲ್ಲಿಗೇ ನಿಲ್ಲಿಸುವ ಹಾಗಿಲ್ಲ. ಅದೇ ಎರಡು ಮೂಲೆಗಳ ನಡುವೆ ಬೇರೆ ಮುಖಗಳ ಮೇಲೆಯೂ ಹೋಗಬಹುದು. ಮುಂದಿನ ಮುಖ ಹತ್ತಿ ಮುಚ್ಚಳ ದಾಟುವ ದಾರಿಯನ್ನು ಬಿಚ್ಚಿದರೆ 10 ಅಗಲ, 24 + 8 = 32 ಎತ್ತರದ ಆಯತ ಸಿಗುತ್ತದೆ. 100 + 1024 = 1124, ವರ್ಗಮೂಲ ಸುಮಾರು 33.5. ಇನ್ನೊಂದು, ಎಡ ಪಕ್ಕ ಹತ್ತಿ ಮುಚ್ಚಳ ದಾಟುವುದು: 8 ಅಗಲ, 24 + 10 = 34 ಎತ್ತರ. 64 + 1156 = 1220, ವರ್ಗಮೂಲ ಸುಮಾರು 34.9. ಈ ಕೊನೆಯದು ನಮ್ಮ ಡೈಯ ನಕ್ಷೆಯಲ್ಲಿ ಕಾಣುವುದೇ ಇಲ್ಲ, ಯಾಕೆಂದರೆ ಮುಚ್ಚಳ ಮುಂದಿನ ಮುಖಕ್ಕೆ ಅಂಟಿಕೊಂಡಿದೆ, ಎಡ ಪಕ್ಕಕ್ಕಲ್ಲ. ಒಂದೇ ನಕ್ಷೆ ಹರಡಿಕೊಂಡು ದಾರಿ ಹುಡುಕುವವರು ಇಲ್ಲೇ ಎಡವುತ್ತಾರೆ. ಮುಚ್ಚಳವನ್ನು ಮನಸ್ಸಿನಲ್ಲಿ ಕಿತ್ತು ಎಡ ಪಕ್ಕದ ತಲೆಗೆ ಜೋಡಿಸಿ ನೋಡಬೇಕು. ಹಾಳೆಯಲ್ಲಿ ಎಳೆದ ಗೆರೆ ಕತ್ತರಿಸಿ ಎಸೆಯುವ ಚೂರಿನ ಮೇಲೆ ಹಾದು ಹೋದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಪೆಟ್ಟಿಗೆಯಲ್ಲಿ ಆ ಜಾಗವೇ ಇಲ್ಲ.

ಮೂರೂ ಲೆಕ್ಕವನ್ನು ಪ್ರತಿ ಪೆಟ್ಟಿಗೆಗೆ ಮಾಡಬೇಕಾಗಿಲ್ಲ. 10 + 8ರಂಥ ಮೊತ್ತದ ವರ್ಗವನ್ನು ಬಿಡಿಸಿ ನೋಡಿ. 24² + 10² + 8² = 740 ಎನ್ನುವುದು ಮೂರಕ್ಕೂ ಸಾಮಾನ್ಯ. ಮೇಲಿಂದ ಸೇರುವುದು ಮಾತ್ರ ಬೇರೆ. ಯಾವ ಎರಡು ಅಳತೆಗಳನ್ನು ಕೂಡಿಸಿದೆವೋ ಅವುಗಳ ಗುಣಲಬ್ಧದ ಎರಡರಷ್ಟು. 10 ಮತ್ತು 8 ಕೂಡಿಸಿದರೆ 160, 24 ಮತ್ತು 8 ಆದರೆ 384, 24 ಮತ್ತು 10 ಆದರೆ 480. ಆದ್ದರಿಂದ ಚಿಕ್ಕ ಎರಡು ಅಳತೆಗಳನ್ನು ಕೂಡಿಸುವ ಬಿಚ್ಚುವಿಕೆಯೇ ಯಾವಾಗಲೂ ಗೆಲ್ಲುತ್ತದೆ. ಕೈಕೆಲಸದ ಮಾತಿನಲ್ಲಿ ಹೇಳುವುದಾದರೆ, ಪಟ್ಟಿ ಪೆಟ್ಟಿಗೆಯ ಅತಿ ಉದ್ದದ ಅಂಚನ್ನು ದಾಟಬೇಕು. ಎಡ ಪಕ್ಕ ಹತ್ತಿ ಹಿಂಬದಿಯ ಮೇಲೆ ಹೋದರೂ ಅದೇ 30 ಸೆಂ.ಮೀ., ಆದರೆ ಪಟ್ಟಿ ಗಿರಾಕಿಯ ಕಣ್ಣಿಗೆ ಬೀಳಬೇಕಲ್ಲ, ಹಾಗಾಗಿ ಮುಂದಿನ ಮುಖ.

ಉದ್ದ ಗೊತ್ತಾಯಿತು. ಅಂಚನ್ನು ಎಲ್ಲಿ ದಾಟಬೇಕು? ಪೇಸ್ಟಿಂಗ್ ಮೇಜಿನ ಅಕ್ಕ ಕೇಳಿದ್ದು ಇದನ್ನೇ. ಪೆಟ್ಟಿಗೆ ಅವರ ಕೈಗೆ ಬರುವುದು ಮಡಚಿ ಅಂಟಿಸಿದ ಮೇಲೆ, ಅಲ್ಲಿ ಸ್ಕೇಲಿಟ್ಟು ಕರ್ಣ ಎಳೆಯುವುದಕ್ಕೆ ಆಗುವುದಿಲ್ಲ.

“ನಡುವಿಗೆ ಒಂದು ಚುಕ್ಕಿ ಇಟ್ಟುಕೊಂಡರೆ ಸಾಕಲ್ಲ ಮಾರಾಯ್ರೇ, ಹನ್ನೆರಡಕ್ಕೆ?”

ಉದ್ದದ ಲೆಕ್ಕದಲ್ಲಿ ಅಕ್ಕನ ಮಾತಿಗೆ ಹೆಚ್ಚು ಕುಂದು ಹೇಳುವ ಹಾಗಿಲ್ಲ. 12 ಸೆಂ.ಮೀ. ಎತ್ತರದಲ್ಲಿ ದಾಟಿದರೆ ಮುಂದಿನ ಮುಖದ ಮೇಲೆ √244 ≈ 15.62, ಪಕ್ಕದ ಮೇಲೆ √208 ≈ 14.42, ಒಟ್ಟು 30.04. ನಷ್ಟ ಅರ್ಧ ಮಿಲಿಮೀಟರೂ ಇಲ್ಲ. ಗಿಡ್ಡ ದಾರಿಯ ಆಸುಪಾಸಿನಲ್ಲಿ ಉದ್ದ ಬಹಳ ನಿಧಾನಕ್ಕೆ ಏರುತ್ತದೆ. ಟೇಪು ಹಿಡಿದು ಅಳೆದರೆ 12ಕ್ಕೆ ದಾಟಿದ್ದೋ ಬೇರೆಲ್ಲಿ ದಾಟಿದ್ದೋ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ.

ಪಟ್ಟಿಗೆ ಗೊತ್ತಾಗುತ್ತದೆ. 12ರ ಚುಕ್ಕಿಗೆ ಗುರಿಯಿಟ್ಟ ಪಟ್ಟಿ ಮುಂದಿನ ಮುಖದಲ್ಲಿ 10 ಸೆಂ.ಮೀ. ಅಡ್ಡ ಹೋಗುವಾಗ 12 ಏರಿದೆ. ಅದೇ ಓರೆಯಲ್ಲಿ ಮುಂದುವರಿದರೆ ಪಕ್ಕದ 8 ಸೆಂ.ಮೀ. ದಾಟುವಾಗ 9.6 ಏರಿ 21.6ಕ್ಕೆ ಮುಗಿಯುತ್ತದೆ. ಮೂಲೆಗೆ ಇನ್ನೂ 2.4 ಸೆಂ.ಮೀ. ಬಾಕಿ! ಮೂಲೆಗೆ ಮುಟ್ಟಿಸಲೇಬೇಕೆಂದು ಎಳೆದರೆ ಅಂಚಿನ ಮೇಲೆ ಪಟ್ಟಿ ಸುಮಾರು 6 ಡಿಗ್ರಿ ತಿರುಗಬೇಕು. ಆಗ ಅದರ ಒಂದು ಬದಿ ಬಿಗಿದು, ಇನ್ನೊಂದು ಬದಿ ಅಂಚಿನ ಹತ್ತಿರ ಸಣ್ಣ ಗುಳ್ಳೆಯಾಗಿ ಎದ್ದು ನಿಲ್ಲುತ್ತದೆ. ಉಗುರಿನಿಂದ ಒತ್ತಿದರೆ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತದೆ. ಅಂಚಿನ ಎರಡೂ ಕಡೆ ಪಟ್ಟಿ ಅಂಚಿನೊಡನೆ ಮಾಡುವ ಕೋನ ಸಮ ಇರಬೇಕು ಎನ್ನುವುದು ಇದೇ. ಮೇಜಿನ ಮೇಲೆ ನಾವು ನೋಡುವ ಪರೀಕ್ಷೆಯೂ ಇದೊಂದೇ: ಗುಳ್ಳೆ ಎದ್ದಿದೆಯೋ ಇಲ್ಲವೋ.

ಸರಿಯಾದ ಬಿಂದು ಸಿಗುವುದು ಅನುಪಾತದಿಂದ. 18 ಅಡ್ಡಕ್ಕೆ 24 ಏರಿದರೆ 10 ಅಡ್ಡಕ್ಕೆ 24 × 10 ÷ 18, ಅಂದರೆ 13.33. ಕೆಳಗಿನಿಂದ 13 ಸೆಂ.ಮೀ. 3 ಮಿ.ಮೀ. ಡೈಯಲ್ಲೇ ಆ ಎತ್ತರಕ್ಕೆ ಕ್ರೀಸಿನ ಮೇಲೆ ಒಂದು ಸೂಜಿಮೊನೆಯಷ್ಟು ಗುರುತು ಬರುವ ಹಾಗೆ ಮಾಡಿಸಿದೆ. ಅಕ್ಕನಿಗೆ ಮೂರು ಬಿಂದು ಸಿಕ್ಕವು: ಕೆಳಮೂಲೆ, ಗುರುತು, ಮೇಲ್ಮೂಲೆ. ಪಟ್ಟಿಯ ನಡುಗೆರೆ ಸರಿಯಾಗಿ ಮೂಲೆಗೆ ಬರುವಾಗ ಅರ್ಧ ಅಗಲ ಹೊರಗೆ ಇಳಿಯುತ್ತದೆ, ಅದನ್ನು ಮಡಚಲಿಕ್ಕೆ ಎರಡೂ ತುದಿಗೆ ಒಂದೊಂದು ಸೆಂ.ಮೀ. ಹೆಚ್ಚು ಬಿಟ್ಟು 32 ಸೆಂ.ಮೀ.ಗೆ ಕತ್ತರಿಸಿದೆವು. ಅಳತೆಯೆಲ್ಲ ಪೆಟ್ಟಿಗೆಯ ಹೊರಮೈಯದ್ದಾಗಿರಬೇಕು. ತೆಳು ಡ್ಯೂಪ್ಲೆಕ್ಸ್ ಬೋರ್ಡಿಗೆ ಒಳ ಅಳತೆ ಹಿಡಿದರೂ ನಡೆದೀತು, ಅಲೆರಟ್ಟಿಗೆ ನಡೆಯುವುದಿಲ್ಲ.

ಅಂಗಡಿಯವರು ನಡುವೆ ಒಮ್ಮೆ ಬಂದು ಒಂದು ನೂಲು ಹಿಡಿದು ತಾವೇ ನೋಡಿದರು. ನೂಲನ್ನು ಮುಂದಿನ ಮುಖದಿಂದ ಮುಚ್ಚಳದ ಮೇಲೆ ಹಾಯಿಸಿ ಎರಡೂ ತುದಿ ಬಿಗಿಹಿಡಿದು, “ನೋಡಿ, ಇದಕ್ಕಿಂತ ಬಿಗಿ ಆಗುವುದೇ ಇಲ್ಲ, ಇದೇ ಗಿಡ್ಡ” ಅಂದರು. ನೂಲು ನಿಜಕ್ಕೂ ಬಿಗಿಯಾಗಿಯೇ ಇತ್ತು. ಮೇಲಿನ ಅಂಚನ್ನು ಎಡದಿಂದ 7.5 ಸೆಂ.ಮೀ.ಯಲ್ಲಿ ದಾಟಿ ನಿಂತಿತ್ತು, ಬೆರಳಿನಿಂದ ಅತ್ತಿತ್ತ ಸರಿಸಿ ಬಿಟ್ಟರೆ ಅಲ್ಲಿಗೇ ವಾಪಸು. ಆದರೆ ಅದು 33.5ರ ದಾರಿ. ಮೂರೂ ಬಿಚ್ಚುವಿಕೆಗಳ ನೇರ ಗೆರೆಗಳೂ ತಮ್ಮ ತಮ್ಮ ನೆರೆಹೊರೆಯಲ್ಲಿ ಗಿಡ್ಡವೇ. ನೂಲು ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಮೂಲೆ ದಾಟಬೇಕು, ಅದಕ್ಕೆ ಮೊದಲು ಸ್ವಲ್ಪ ಉದ್ದವಾಗಬೇಕು, ಬಿಗಿ ಹಿಡಿದ ನೂಲಿಗೆ ಅದು ಸಾಧ್ಯವಿಲ್ಲ. ನೂಲನ್ನು ತೆಗೆದು ಉದ್ದನೆಯ ಅಂಚಿನ ಮೇಲೆ ಹಾಯಿಸಿ ತೋರಿಸಿದೆ. ತುದಿಯಲ್ಲಿ ಮೂರೂವರೆ ಸೆಂ.ಮೀ. ಮಿಕ್ಕಿತು. ಅವರು ಮಾತಾಡಲಿಲ್ಲ, ಆರ್ಡರಿನ ಚೀಟಿಗೆ ಸಹಿ ಹಾಕಿದರು.

ಚಪ್ಪಟೆ ಸ್ವೀಟ್ ಬಾಕ್ಸಿಗೂ ಇದೇ ಲೆಕ್ಕ. 20 × 20 × 5ರ ಪೆಟ್ಟಿಗೆಯಲ್ಲಿ ಚಿಕ್ಕ ಎರಡು 20 ಮತ್ತು 5, ಹಾಗಾಗಿ √(25² + 20²), ಸುಮಾರು 32. ಮುಚ್ಚಳ ಚೌಕವಾದ್ದರಿಂದ ಇಷ್ಟೇ ಉದ್ದದ ದಾರಿ ನಾಲ್ಕು ಸಿಗುತ್ತವೆ.

ಇದೆಲ್ಲ ಮೂಲೆಯಿಂದ ಮೂಲೆಗೆ ಮಾತ್ರ. ಬಿಂದುಗಳು ಮುಖದ ಒಳಗೆ ಸರಿದರೆ ಎರಡು ಮುಖದ ನಿಯಮ ಬಿದ್ದುಹೋಗುತ್ತದೆ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಜಪಾನಿನ ಯೊಶಿಯುಕಿ ಕೊಟಾನಿ ಅವರ ಇರುವೆಯ ಲೆಕ್ಕ. ನಮ್ಮಲ್ಲೇ ಮಾಡುವ 10 × 10 × 20ರ ಪೆಟ್ಟಿಗೆಯ ಕೆಳಮೂಲೆಯಲ್ಲಿ ಇರುವೆ ಇದೆ ಅಂತಿಟ್ಟುಕೊಳ್ಳಿ. ಮೇಲ್ಮೈ ಮೇಲೆ ನಡೆಯುವ ಅದಕ್ಕೆ ಅತಿ ದೂರದ ಜಾಗ ಯಾವುದು? ಎದುರು ಮೂಲೆ ಎಂದು ಯಾರಾದರೂ ಹೇಳಿಬಿಡುತ್ತಾರೆ. ಎದುರು ಮೂಲೆಗೆ ದೂರ √(20² + 20²), ಅಂದರೆ 28.28. ಈಗ ಮುಚ್ಚಳದ ಮೇಲೆ ಆ ಮೂಲೆಯಿಂದ ಎರಡೂ ಅಂಚಿಗೆ 2.5 ಸೆಂ.ಮೀ. ಒಳಗೆ ಒಂದು ಚುಕ್ಕಿ ಇಡಿ. ಇರುವೆ ನೇರ ಮುಂದಿನ ಮುಖ ಹತ್ತಿ ಮುಚ್ಚಳಕ್ಕೆ ಹೋದರೆ ಅಡ್ಡ 7.5, ಎತ್ತರ 20 + 7.5. ಮುಂದಿನ ಮುಖದಿಂದ ಬಲ ಪಕ್ಕಕ್ಕೆ ಹೊರಳಿ ಅಲ್ಲಿಂದ ಮುಚ್ಚಳಕ್ಕೆ ಹತ್ತಿದರೆ ಅಡ್ಡ 10 + 7.5, ಎತ್ತರ 20 + 2.5. ಮೊದಲನೆಯದು 56.25 + 756.25, ಎರಡನೆಯದು 306.25 + 506.25. ಎರಡೂ 812.5, ವರ್ಗಮೂಲ 28.50. ಎಡ ಪಕ್ಕದಿಂದ ಹೊರಟರೂ ಇವೇ ಎರಡು ಉದ್ದ. ಚುಕ್ಕಿಯನ್ನು ಮೂಲೆಯತ್ತ ಸರಿಸಿದರೆ ಹೊರಳಿ ಹೋಗುವ ದಾರಿ ಗಿಡ್ಡವಾಗುತ್ತದೆ, ಒಳಕ್ಕೆ ಸರಿಸಿದರೆ ನೇರ ಹತ್ತುವ ದಾರಿ ಗಿಡ್ಡವಾಗುತ್ತದೆ. ಹೀಗೆ ಎದುರು ಮೂಲೆಗಿಂತ ಎರಡು ಮಿಲಿಮೀಟರಿನಷ್ಟು ದೂರದಲ್ಲಿ, ಮುಚ್ಚಳದ ಒಳಗೆ, ಆ ಚುಕ್ಕಿ ಕೂತಿದೆ.