ಮೊದಲು ‘ಬ್ಯಾಡ್ರಿ’, ಆಮೇಲೆ ‘ಇಲ್ಲ’: ನನ್ನ ಅನುಭವ

ವಿಜಯಪುರದಲ್ಲಿ ಸಂಜೆ ಹೊತ್ತು ಹೊರಗಿನಿಂದ ಬಂದ ನೌಕರರಿಗೆ ಮಾತಾಡೋ ಕನ್ನಡ ಹೇಳಿಕೊಡುತ್ತೇನೆ. ಆರು ವರ್ಷ ಆಯಿತು. ಅದರಲ್ಲಿ ನಾಲ್ಕು ವರ್ಷ ಒಂದೇ ತಪ್ಪಿನ ಜೊತೆ ಗುದ್ದಾಡಿದ್ದೇನೆ. ‘ಹಾಕಬೇಡಿ’ ಅನ್ನಬೇಕಾದ ಕಡೆ ‘ಹಾಕಲ್ಲ’, ‘ಹೋಗಬೇಡ’ ಅನ್ನಬೇಕಾದ ಕಡೆ ‘ಹೋಗಲ್ಲ’. ಪಾಠ ಹೇಳುವವರಿಗೆ ಇದು ಗೊತ್ತಿರುವುದೇ. ಹತ್ತು ಸಲ ತಿದ್ದಿದರೆ ಹನ್ನೊಂದನೇ ಸಲ ಮತ್ತೆ ಅದೇ.

ನನಗೆ ಬಿಸಿ ಮುಟ್ಟಿಸಿದ್ದು ಒಂದು ಬ್ಯಾಂಕಿನ ಕ್ಯಾಷಿಯರ್ ಹುಡುಗ. ಹಿಂದಿಯವನು, ಚುರುಕು, ನನ್ನ ಬ್ಯಾಚಿನಲ್ಲೇ ಮುಂದಿದ್ದವನು. ಇಂಡಿ ಕಡೆಯ ಒಬ್ಬ ಅಜ್ಜ ಬೆಳೆ ಸಾಲದ ಕಾಗದ ಹಿಡಿದು ಬಂದಿದ್ದರಂತೆ. ಕಾಗದದಲ್ಲಿ ಸಹಿಗೆ ಮೂರು ಜಾಗ, ಅದರಲ್ಲಿ ಒಂದು ಮ್ಯಾನೇಜರದು. ಅಜ್ಜ ಅಲ್ಲೇ ಪೆನ್ನು ಇಡಲು ಹೋದರು. ಹುಡುಗ ತಡೆದು, ‘ಇಲ್ಲಿ ಸಹಿ ಮಾಡಲ್ಲ’ ಅಂದ. ಅವನ ಮನಸ್ಸಿನಲ್ಲಿದ್ದದ್ದು ‘ಇಲ್ಲಿ ಸಹಿ ಮಾಡಬೇಡಿ’. ಅಜ್ಜನಿಗೆ ಕೇಳಿಸಿದ್ದು ‘ಇಲ್ಲಿ ನಾವು ಸಹಿ ಮಾಡೋದಿಲ್ಲ’, ಅಂದರೆ ಈ ಬ್ಯಾಂಕಿನಲ್ಲಿ ಕೆಲಸ ಆಗೋದಿಲ್ಲ ಅಂತ. ಅವರು ಒಂದು ಮಾತೂ ಆಡದೆ ಕಾಗದ ಮಡಚಿ ಬಸ್‌ ಸ್ಟ್ಯಾಂಡಿಗೆ ಹೋಗಿಬಿಟ್ಟರು. ಮರುದಿನ ಅಣ್ಣನ ಮಗನನ್ನು ಕರೆದುಕೊಂಡು ಬಂದಾಗ ಕೌಂಟರಿನಲ್ಲಿ ದೊಡ್ಡ ಜಗಳ. ಎರಡು ದಿನದ ಬಸ್ ಖರ್ಚು ಅವರ ತಲೆ ಮೇಲೆ.

ಸಂಜೆ ಹುಡುಗ ಬಂದು ನನ್ನ ಮೇಲೇ ಹಾಕಿದ. ‘ಸರ್, ಇಲ್ಲ ಅಂದ್ರೆ ನಹೀ ಅಂತ ನೀವೇ ಹೇಳಿಕೊಟ್ರಿ.’ ಹೌದು, ನಾನೇ ಹೇಳಿಕೊಟ್ಟಿದ್ದು. ಮೊದಲನೇ ದಿನವೇ.

ಅಲ್ಲಿಂದ ಮೊದಲು ಮಾಡಿದ್ದು ದಡ್ಡತನ. ಮಾಡು–ಮಾಡಬೇಡ, ಬಾ–ಬರಬೇಡ ಅಂತ ಇನ್ನೂರು ಕಾರ್ಡು ಪ್ರಿಂಟ್ ಮಾಡಿಸಿದೆ, ದಪ್ಪ ಕಾಗದ, ಎರಡು ಬಣ್ಣ. ಸುಮಾರು ಸಾವಿರದ ಎಂಟುನೂರು ಹೋಯಿತು. ಆಗ ತಿಂಗಳಿಗೆ ತಲೆಗೆ ಸಾವಿರದ ಐದುನೂರು ಫೀ, ಬ್ಯಾಚಿನಲ್ಲಿ ಒಂಬತ್ತು ಜನ, ಅದರಲ್ಲಿ ನಾಲ್ವರೋ ಐವರೋ ಎರಡನೇ ವಾರಕ್ಕೇ ಮಾಯ. ಲೆಕ್ಕ ನೀವೇ ಹಾಕಿಕೊಳ್ಳಿ. ಕಾರ್ಡು ನೋಡಿ ಸರಿಯಾಗಿ ಓದುತ್ತಿದ್ದರು, ಕಾರ್ಡು ಕೆಳಗಿಟ್ಟ ತಕ್ಷಣ ‘ಬನ್ನಿಬೇಡಿ’, ‘ಕೊಡಿಬೇಡಿ’. ಅವರದು ತಪ್ಪಲ್ಲ. ‘ಬನ್ನಿ’ ಗೊತ್ತಿದೆ, ‘ಬೇಡಿ’ ಗೊತ್ತಿದೆ, ಎರಡನ್ನೂ ಜೋಡಿಸಿದರು. ಒಬ್ಬ ಆಟೋದವನಿಗೆ ‘ಹೋಗು ಬೇಡ’ ಅಂದಿದ್ದ. ಆಟೋದವನು ‘ಹೋಗು’ ಅಷ್ಟೇ ಕೇಳಿಸಿಕೊಂಡು ಹೊರಟೇಬಿಟ್ಟ, ಇವನ ಬ್ಯಾಗು ಆಟೋದಲ್ಲಿ. ಗೋಲಗುಮ್ಮಟದ ತನಕ ಇನ್ನೊಂದು ಆಟೋದಲ್ಲಿ ಬೆನ್ನು ಹತ್ತಿ ಬ್ಯಾಗು ತಂದ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ, ಹೇಳಿಬಿಡುತ್ತೇನೆ. ಬಸವಣ್ಣನವರು ನಮ್ಮ ಜಿಲ್ಲೆಯ ಬಾಗೇವಾಡಿಯವರು, ‘ಕಳಬೇಡ ಕೊಲಬೇಡ’ ವಚನ ಬಾಯಿಪಾಠ ಮಾಡಿಸಿದರೆ ಒಂದೇ ಏಟಿಗೆ ಏಳು ‘ಬೇಡ’ ಸಿಗುತ್ತವಲ್ಲ ಅಂದುಕೊಂಡೆ. ಪಾಠ ಮಾಡಿದರು, ಚೆನ್ನಾಗಿಯೇ ಹೇಳಿದರು. ಆದರೆ ಇವತ್ತಿನ ಮಾತಿನಲ್ಲಿ ‘ಕದಿಯಬೇಡ’, ‘ಕೊಲ್ಲಬೇಡ’. ಅದೂ ಅಲ್ಲದೆ ಏಳರಲ್ಲಿ ಎರಡು ಕಡೆ ‘ನುಡಿಯಲು ಬೇಡ’, ‘ಹಳಿಯಲು ಬೇಡ’ ಅಂತ ಬಿಡಿಸಿದ ರೂಪ. ಅದನ್ನು ಹಿಡಿದುಕೊಂಡು ‘ಕುಡಿಯಲು ಬೇಡ’, ‘ಕೂರಲು ಬೇಡ’ ಶುರುವಾಯಿತು. ಎಲ್ಲ ಏಕವಚನ ಬೇರೆ. ಒಬ್ಬಾಕೆ ಮ್ಯಾನೇಜರಿಗೆ ‘ಸರ್, ಮುನಿಯಬೇಡ’ ಅಂದು ಬಂದಳು. ವಚನ ವಚನವಾಗಿಯೇ ಇರಲಿ ಅಂತ ಬಿಟ್ಟೆ.

ದಾರಿ ಸಿಕ್ಕಿದ್ದು ಚಹಾದ ಅಂಗಡಿಯಲ್ಲಿ. ಕ್ಲಾಸು ಮುಗಿಸಿ ನಿಂತಿದ್ದೆವು. ಹಿಂದಿ ಹುಡುಗ ಅಂಗಡಿಯವನಿಗೆ ‘ಸಕ್ಕರೆ ಬೇಕು ಇಲ್ಲ’ ಅಂದ. ಪಕ್ಕದಲ್ಲಿ ಬೆಳಗಾವಿಯಿಂದ ವರ್ಗವಾಗಿ ಬಂದ ಮರಾಠಿ ಮಾತಿನ ಹೆಣ್ಣುಮಗಳು, ಕನ್ನಡ ಇವನಿಗಿಂತ ಕಡಿಮೆ, ಆದರೂ ಸಲೀಸಾಗಿ ‘ನನಗ ಬ್ಯಾಡ್ರಿ, ಹಾಕಬ್ಯಾಡ್ರಿ’ ಅಂದಳು. ಅಲ್ಲೇ ಹೊಳೆಯಿತು. ಮರಾಠಿಯಲ್ಲಿ ‘ಚಹಾ ನಕೋ’ ಅಂದರೆ ಚಹಾ ಬೇಡ, ‘ಜಾಊ ನಕೋ’ ಅಂದರೆ ಹೋಗಬೇಡ, ಮರ್ಯಾದೆ ಕೊಟ್ಟರೆ ‘ಜಾಊ ನಕಾ’. ಒಂದೇ ಮಾತು ಎರಡೂ ಕೆಲಸ ಮಾಡುತ್ತದೆ, ನಮ್ಮ ‘ಬೇಡ’ದ ಹಾಗೇ. ನಮ್ಮ ಊರಿನ ದಖನಿ ಮಾತಾಡುವವರಿಗೂ ‘ನಕ್ಕೋ’ ಇದೆ. ಅದಕ್ಕೇ ಈ ಎರಡು ಗುಂಪಿನವರಿಗೆ ಈ ತಪ್ಪು ಬರುವುದೇ ಅಪರೂಪ. ಹಿಂದಿಯಲ್ಲಿ ಹಾಗಿಲ್ಲ. ವಸ್ತು ಬೇಡ ಅನ್ನಲು ‘ನಹೀ ಚಾಹಿಯೇ’, ಕೆಲಸ ತಡೆಯಲು ‘ಮತ್ ಡಾಲೋ’, ಎಷ್ಟೋ ಸಲ ಅದಕ್ಕೂ ‘ನಹೀ ಡಾಲ್ನಾ’. ‘ನಹೀ’ ಅಂದರೆ ‘ಇಲ್ಲ’ ಅಂತ ಒಮ್ಮೆ ತಲೆಗೆ ಹೋದರೆ ಮುಗಿಯಿತು, ಎಲ್ಲ ಕಡೆ ‘ಇಲ್ಲ’ವೇ.

ಹಾಗಾದರೆ ‘ಇಲ್ಲ’ವನ್ನೇ ಮೊದಲು ಹೇಳಿಕೊಡದಿದ್ದರೆ? ಇದನ್ನು ಹೇಳಿದಾಗ ಜೊತೆಯ ಮಾಸ್ತರರೆಲ್ಲ ನಕ್ಕರು. ‘ಇಲ್ಲ ಇಲ್ಲದೆ ಕನ್ನಡ ಹೆಂಗ ಕಲಸ್ತಿ ಮಾರಾಯ’ ಅಂದರು. ಕಲಿಸಿದೆ. ಮೊದಲ ಹತ್ತು ದಿನ ಬೇಕು–ಬೇಡ ಬಿಟ್ಟರೆ ಬೇರೆ ನಿರಾಕರಣೆ ನನ್ನ ಕ್ಲಾಸಿನಲ್ಲಿ ಇಲ್ಲ. ಮೂರು ದಿನ ಬರೀ ವಸ್ತು: ಚಹಾ ಬೇಕ್ರಿ, ಸಕ್ಕರೆ ಬ್ಯಾಡ್ರಿ, ಚೀಲ ಬ್ಯಾಡ್ರಿ, ಚಿಲ್ಲರೆ ಬೇಕ್ರಿ. ಅದೂ ಕ್ಲಾಸಿನಲ್ಲಲ್ಲ, ಅಂಗಡಿಯಲ್ಲಿ. ಒಂದು ಬ್ಯಾಚಿಗೆ ಚಹಾದ ಖರ್ಚು ಆರುನೂರು ಚಿಲ್ಲರೆ ಬಂತು, ಕಾರ್ಡಿಗಿಂತ ಎಷ್ಟೋ ಕಡಿಮೆ. ನಾಲ್ಕನೇ ದಿನದಿಂದ ಕೆಲಸಗಳು, ಆದರೆ ‘ಬೇಕು’ ಹಚ್ಚಿ: ಹೋಗಬೇಕ್ರಿ, ಬರಬೇಕ್ರಿ, ಕೊಡಬೇಕ್ರಿ, ಹಾಕಬೇಕ್ರಿ, ಬರೆಯಬೇಕ್ರಿ. ಇದು ನಾಲಿಗೆಗೆ ಕೂತ ಮೇಲೆ ಮಾಡುವುದು ಇಷ್ಟೇ, ‘ಬೇಕ್ರಿ’ ಕಿತ್ತು ‘ಬ್ಯಾಡ್ರಿ’ ಹಚ್ಚುವುದು. ಹೋಗಬ್ಯಾಡ್ರಿ, ಬರಬ್ಯಾಡ್ರಿ, ಬರೆಯಬ್ಯಾಡ್ರಿ. ‘ಬನ್ನಿಬೇಡಿ’ ಹುಟ್ಟಲು ಜಾಗವೇ ಇಲ್ಲ, ಯಾಕೆಂದರೆ ‘ಬನ್ನಿ’ಯನ್ನು ನಾನು ಮುಟ್ಟಿಯೇ ಇಲ್ಲ. ಧಾತು, ಪ್ರತ್ಯಯ ಅಂತ ಒಂದು ಮಾತೂ ಆಡಲಿಲ್ಲ.

ಇನ್ನೊಂದು ಜಗಳ ‘ಬ್ಯಾಡ್ರಿ’ ಮೇಲೆ. ‘ಬೇಡಿ’ ಬಿಟ್ಟು ಆಡುಮಾತು ಯಾಕೆ, ಬೆಂಗಳೂರಿಗೆ ಹೋದರೆ ನಗುತ್ತಾರೆ ಅಂತ. ಮೊದಲು ನಾನೂ ‘ಬೇಡಿ’ಯೇ ಹೇಳಿಕೊಟ್ಟಿದ್ದೆ. ಮರ್ಯಾದೆ ಜಾಸ್ತಿ ಅಂದುಕೊಂಡು ಒಬ್ಬರು ಮನೆಯೊಡತಿಗೆ ‘ಅಮ್ಮಾ, ಚಹಾ ಬೇಡಿ’ ಅಂದಿದ್ದರು. ಆಕೆಗೆ ಅದು ‘ಹೋಗಿ ಚಹಾ ಭಿಕ್ಷೆ ಬೇಡು’ ಅಂದ ಹಾಗೆ ಕೇಳಿಸಿ ಮುಖ ಕೆಂಪಾಯಿತು. ಮಾಡಬೇಡ–ಮಾಡಬೇಡಿ ಸರಿ, ಆದರೆ ಚಹಾ ಬೇಡ ಅನ್ನುವಾಗ ಎದುರಿಗೆ ಯಾರೇ ಇರಲಿ ‘ಬೇಡ’ವೇ. ಇದನ್ನು ಕಲಿಯುವವರಿಗೆ ವಿವರಿಸಲು ಅರ್ಧ ಗಂಟೆ ಬೇಕು. ನಮ್ಮ ಕಡೆ ‘ರಿ’ ಎಲ್ಲಕ್ಕೂ ಅಂಟುತ್ತದೆ. ಚಹಾ ಬ್ಯಾಡ್ರಿ, ಹಾಕಬ್ಯಾಡ್ರಿ, ಎರಡೂ ಸರಿ, ಎರಡೂ ಮರ್ಯಾದೆ. ಬೀದಿಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವುದೂ ಅದೇ. ‘ಬೇಡಿ’ಯನ್ನು ಬೋರ್ಡು ಓದಲು ಕಲಿಸುವಾಗ ತೋರಿಸಿದರೆ ಸಾಕು, ‘ಇಲ್ಲಿ ಕಸ ಹಾಕಬೇಡಿ’ ಎಲ್ಲ ಗೋಡೆಯ ಮೇಲೂ ಇರುತ್ತದೆ.

ಹನ್ನೊಂದನೇ ದಿನ ‘ಇಲ್ಲ’ ಒಳಗೆ ಬರುತ್ತದೆ. ಆಗ ಒಂದೇ ಪ್ರಶ್ನೆ: ನಡೆಯೋದು ಇಷ್ಟು ಅಂತ ತಿಳಿಸ್ತೀಯಾ, ಎದುರಿನವನನ್ನು ತಡೀತೀಯಾ? ತಿಳಿಸೋದಾದರೆ ಇಲ್ಲ, ತಡೆಯೋದಾದರೆ ಬ್ಯಾಡ. ‘ನಾ ಕುಡಿಯಂಗಿಲ್ರಿ’, ‘ನೀವು ಕುಡಿಯಬ್ಯಾಡ್ರಿ’.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ಬಂದ ಒಬ್ಬ ಮೇಡಮ್ಮಿಗೆ ಅಲ್ಲಿಯ ‘ಮಾಡೋ ಹಾಗಿಲ್ಲ’ ಗೊತ್ತಿತ್ತು, ಮಾಡಕೂಡದು ಅನ್ನುವ ಅರ್ಥದಲ್ಲಿ. ಇಲ್ಲಿ ಮನೆಗೆಲಸದಾಕೆ ‘ನಾಳಿಗೆ ನಾ ಬರಂಗಿಲ್ರಿ’ ಅಂದಳು. ಇವರು ‘ಯಾರು ಬರಬೇಡ ಅಂದರು ನಿಂಗೆ?’ ಅಂತ ಅವಳನ್ನು ಕೂರಿಸಿ ವಿಚಾರಿಸಿದರು, ಅವಳ ಗಂಡನಿಗೆ ಫೋನ್ ಮಾಡುವ ತನಕ ಹೋಯಿತು. ನಮ್ಮಲ್ಲಿ ‘ಬರಂಗಿಲ್ಲ’ ಅಂದರೆ ಸುಮ್ನೆ ‘ಬರುವುದಿಲ್ಲ’, ಅಷ್ಟೇ. ಆಕೆಗೆ ತಂಗಿಯ ಸೀಮಂತವಿತ್ತು. ಅದರಿಂದ ಬೆಂಗಳೂರಿನಲ್ಲಿ ಕಲಿತು ಬಂದವರನ್ನು ಈಗ ಬೇರೆ ಕೂರಿಸುತ್ತೇನೆ.

ಫಲ ಏನು ಅಂತ ಕೇಳುತ್ತೀರಿ. ಮೂರನೇ ವಾರ ನಾನು ಇಪ್ಪತ್ತು ಸಂದರ್ಭ ಆಡಿ ತೋರಿಸುತ್ತೇನೆ, ಬಿಸಿ ಪಾತ್ರೆ ಮುಟ್ಟಲು ಹೋಗುವುದು, ತಪ್ಪು ಜಾಗದಲ್ಲಿ ಸಹಿ ಹಾಕುವುದು, ಇಂಥವು. ಅವರು ಥಟ್ಟನೆ ತಡೆಯಬೇಕು. ಹಳೆಯ ಪದ್ಧತಿಯಲ್ಲಿ ಐದಾರು ಸರಿ ಬಂದರೆ ದೊಡ್ಡದು. ಹೋದ ಮೂರು ಬ್ಯಾಚಿನಲ್ಲಿ ಹದಿನಾರು, ಹದಿನೇಳರ ಕೆಳಗೆ ಯಾರೂ ಇಳಿದಿಲ್ಲ ಅಂತ ನೆನಪು. ನಕ್ಕ ಮಾಸ್ತರರಲ್ಲಿ ಇಬ್ಬರು ಈಗ ಇದನ್ನೇ ಮಾಡುತ್ತಿದ್ದಾರೆ, ನನ್ನ ಹೆಸರು ಹೇಳುವುದಿಲ್ಲ, ಇರಲಿ. ಆ ಹತ್ತು ದಿನ ಅವರ ಬಾಯಿಂದ ‘ಇಲ್ಲ’ ಬರದ ಹಾಗೆ ಹೇಗೆ ನೋಡಿಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು.

ಈ ಉಪಾಯಕ್ಕೂ ಒಂದು ಮಿತಿ ಇದೆ. ಬೇಕು ಕಿತ್ತು ಬ್ಯಾಡ ಹಚ್ಚುವುದು ಎದುರಿಗಿದ್ದವರಿಗೆ ಮಾತ್ರ. ‘ಅವನು ಬರೋದು ಬ್ಯಾಡ’, ‘ನಾವು ಹೋಗೋದು ಬ್ಯಾಡ’ ಇವಕ್ಕೆ ರೂಪ ಬೇರೆ, ‘ನಾನು ಹೋಗಬೇಕಾಗಿಲ್ಲ’ ಅನ್ನುವುದು ಇನ್ನೂ ಬೇರೆ. ಅದೇ ಕ್ಯಾಷಿಯರ್ ಹುಡುಗ ಎರಡನೇ ಸಲ ಫೀ ಕಟ್ಟಿ ಹೊಸ ಪದ್ಧತಿಯಲ್ಲಿ ಕಲಿತ, ಕೌಂಟರಿನಲ್ಲಿ ಈಗ ಒಂದು ತಪ್ಪಿಲ್ಲ. ಕೊನೆಯ ದಿನ ಕೈ ಕುಲುಕಿ, ‘ಸರ್, ಇನ್ನು ನಾ ಕ್ಲಾಸಿಗೆ ಬರಬ್ಯಾಡ್ರಿ’ ಅಂದ. ಬರಬೇಕಪ್ಪಾ, ‘ಬೇಕಾಗಿಲ್ಲ’ ಮುಂದಿನ ತಿಂಗಳ ಪಾಠ, ಫೀ ಬೇರೆ ಅಂದೆ.