ತಡವಾಗಿ ಬಂದ ಭಾಗಲಬ್ಧ: ರಿಜಿಸ್ಟರ್ ರೀನೇಮಿಂಗ್ ಬರೆದ ನನ್ನ ಅನುಭವ

ಮಂಗಳೂರಿನ ಕಳೆದ ಮಳೆಗಾಲದಲ್ಲಿ, ಕಚೇರಿ ಮುಗಿದ ಮೇಲಿನ ಸಂಜೆಗಳಲ್ಲಿ, ಬೇಕಾದ ಮೌಲ್ಯಗಳು ಸಿಕ್ಕ ಆದೇಶವನ್ನು ಸಾಲಿನ ಕ್ರಮಕ್ಕೆ ಕಾಯದೆ ನಡೆಸುವ ಟೊಮಸುಲೊ ವಿಧಾನದ ಒಂದು ಸಣ್ಣ ಸಿಮ್ಯುಲೇಟರ್ ಬರೆದೆ. ಐಬಿಎಂನ ರಾಬರ್ಟ್ ಟೊಮಸುಲೊ 1967ರಲ್ಲಿ ಪ್ರಕಟಿಸಿದ ಈ ವಿಧಾನ ಸಿಸ್ಟಂ/360 ಮಾಡೆಲ್ 91ರ ಫ್ಲೋಟಿಂಗ್ ಪಾಯಿಂಟ್ ಘಟಕಕ್ಕಾಗಿ ರೂಪುಗೊಂಡದ್ದು. ಆ ಯಂತ್ರದಲ್ಲಿ ಪ್ರೋಗ್ರಾಂ ಬರೆಯುವವರಿಗೆ ಸಿಗುತ್ತಿದ್ದ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರುಗಳು ನಾಲ್ಕೇ ಆಗಿದ್ದರಿಂದ, ಒಂದಕ್ಕೊಂದು ಸಂಬಂಧವೇ ಇಲ್ಲದ ಲೆಕ್ಕಗಳಿಗೂ ಅದೇ ಹೆಸರನ್ನು ಮತ್ತೆ ಮತ್ತೆ ಬಳಸಬೇಕಾಗುತ್ತಿತ್ತು. ನಾನೂ ಅದರಂತೆಯೇ ಸಂಕಲನ-ವ್ಯವಕಲನಕ್ಕೆ A1ರಿಂದ A3ರವರೆಗೆ ಮೂರು, ಗುಣಾಕಾರ-ಭಾಗಾಕಾರಕ್ಕೆ M1, M2 ಎಂಬ ಎರಡು, ಹೀಗೆ ಆದೇಶಗಳು ತಮ್ಮ ಮೌಲ್ಯಗಳಿಗಾಗಿ ಕಾಯುವ ರಿಸರ್ವೇಶನ್ ಸ್ಟೇಷನ್‌ಗಳನ್ನು ಇಟ್ಟುಕೊಂಡೆ.

ನಾನು ಎಡವಿದ್ದು ಈ ನಾಲ್ಕು ಸಾಲುಗಳಲ್ಲಿ. ಆರಂಭದಲ್ಲಿ F2ರಲ್ಲಿ 2, F4ರಲ್ಲಿ 10 ಇತ್ತು. ಬಲಕ್ಕಿರುವ ಎರಡು ರಿಜಿಸ್ಟರುಗಳ ಫಲಿತಾಂಶ ಎಡದ ರಿಜಿಸ್ಟರಿಗೆ ಹೋಗುತ್ತದೆ.

```
DIV F0, F4, F2
ADD F6, F0, F2
SUB F0, F4, F2
MUL F4, F0, F2
```

ಇಲ್ಲಿ ADDಗೆ DIVನ ಉತ್ತರ ಬೇಕು, MULಗೆ SUBನ ಉತ್ತರ ಬೇಕು. ಇವು ನಿಜವಾದ ಅವಲಂಬನೆಗಳು, ಕಾಯದೆ ಗತಿಯಿಲ್ಲ. ಆದರೆ SUBಗೂ DIVಗೂ ಇರುವ ನಂಟು ಇಬ್ಬರೂ F0 ಎಂಬ ಒಂದೇ ಹೆಸರಿಗೆ ಬರೆಯುತ್ತಾರೆ ಎಂಬುದಷ್ಟೇ. ನಮ್ಮ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಮನೆಯ ಹೆಸರು ಸೇರಿಸಿ ಕರೆಯುವುದು ವಾಡಿಕೆ. ರೀನೇಮಿಂಗ್ ಮಾಡುವುದೂ ಅದನ್ನೇ. ಪ್ರತಿ ರಿಜಿಸ್ಟರಿನ ಪಕ್ಕದಲ್ಲಿ ಒಂದು ಟ್ಯಾಗ್ ಇರುತ್ತದೆ, ಆ ರಿಜಿಸ್ಟರಿಗೆ ಬರಬೇಕಾದ ಇತ್ತೀಚಿನ ಮೌಲ್ಯ ಯಾವ ಸ್ಟೇಷನ್ನಿನಿಂದ ಬರಲಿದೆ ಎಂಬುದನ್ನು ಅದು ಹೇಳುತ್ತದೆ.

ಕ್ಲಾಕಿನ ಪ್ರತಿ ಆವರ್ತಕ್ಕೆ ಒಂದು ಆದೇಶ ಹೊರಡುತ್ತದೆ. 1ನೇ ಆವರ್ತದಲ್ಲಿ DIV M1ಕ್ಕೆ ಹೋಗುವಾಗ 10 ಮತ್ತು 2 ಎಂಬ ಮೌಲ್ಯಗಳನ್ನೇ ನಕಲು ಮಾಡಿಕೊಂಡು ಹೋಗುತ್ತದೆ. ಹಾಗಾಗಿ ಮುಂದೆ MUL ಬಂದು F4ನ್ನು ಬದಲಿಸಿದರೂ ಅದಕ್ಕೆ ಏನೂ ಆಗದು. F0ಯ ಟ್ಯಾಗ್ M1 ಆಗುತ್ತದೆ. 2ರಲ್ಲಿ ADD A1ರಲ್ಲಿ ಕುಳಿತು, F0ಗಾಗಿ ಅಲ್ಲ, M1ಕ್ಕಾಗಿ ಕಾಯುತ್ತದೆ. 3ರಲ್ಲಿ SUB A2ಕ್ಕೆ ಬಂದು F0ಯ ಟ್ಯಾಗನ್ನು A2 ಎಂದು ತಿದ್ದುತ್ತದೆ, 4ರಲ್ಲಿ ಹೊರಟ MUL M2ರಲ್ಲಿ ಕುಳಿತು A2ಕ್ಕೆ ಕಾಯುತ್ತದೆ. ಸಂಕಲನ-ವ್ಯವಕಲನಕ್ಕೆ ನಾನಿಟ್ಟದ್ದು 2 ಆವರ್ತ, ಗುಣಾಕಾರಕ್ಕೆ 3, ಭಾಗಾಕಾರಕ್ಕೆ 12, ಕೊನೆಯ ಎರಡಕ್ಕೂ ಪ್ರತ್ಯೇಕ ಯಂತ್ರಭಾಗ. ಆದ್ದರಿಂದ SUBನ ಉತ್ತರ 8 ಆರನೆಯ ಆವರ್ತದಲ್ಲೇ, ಉತ್ತರವನ್ನು ಟ್ಯಾಗಿನೊಂದಿಗೆ ಎಲ್ಲ ಕಡೆಗೂ ತಲುಪಿಸುವ ಸಾಮಾನ್ಯ ಬಸ್ಸಿಗೆ ಬಂತು, MULನ 16 ಹತ್ತರಲ್ಲಿ, DIVನ 5 ಹದಿನಾಲ್ಕರಲ್ಲಿ, ಅದಕ್ಕಾಗಿ ಕಾದಿದ್ದ ADDನ 7 ಹದಿನೇಳರಲ್ಲಿ.

ಎಲ್ಲ ಸರಿಯಾಗಿದೆ ಎಂದುಕೊಂಡು ಕಚೇರಿಯ ಕಿರಿಯ ಸಹೋದ್ಯೋಗಿಗೆ ತೋರಿಸಿದೆ. ಅವನು ಕೊನೆಯ ಸಾಲಿಗೆ ಬೆರಳಿಟ್ಟು, "ಎಂತ ಸರ್, F0ಯಲ್ಲಿ ಐದು ಉಂಟಲ್ಲ, ಎಂಟು ಬರ್ಬೇಕಿತ್ತಲ್ವಾ?" ಎಂದ.

ಹುಡುಕುವಾಗ ದಾರಿ ತಪ್ಪಿಸಿದ್ದು F4 ಮತ್ತು F6 ಎರಡೂ ಸರಿಯಾಗಿದ್ದದ್ದು. MUL ತನ್ನ 8ನ್ನು ರಿಜಿಸ್ಟರಿನಿಂದಲ್ಲ, ಬಸ್ಸಿನಿಂದ ನೇರವಾಗಿ ಪಡೆದಿತ್ತು. ಆದ್ದರಿಂದ F0 ಕೆಟ್ಟದ್ದು ಅದಕ್ಕೆ ತಿಳಿಯಲೇ ಇಲ್ಲ. 14ನೇ ಆವರ್ತದ ಮೇಲೆ F0ಯನ್ನು ಓದುವ ಆದೇಶವೊಂದು ಬಂದರೆ ಮಾತ್ರ ತಪ್ಪು ಲೆಕ್ಕದೊಳಕ್ಕೆ ಇಳಿಯುತ್ತಿತ್ತು. ಕಾರಣ ಒಂದೇ ಸಾಲು: ಪ್ರತಿ ಸ್ಟೇಷನ್ನಿನಲ್ಲಿ ಗುರಿ ರಿಜಿಸ್ಟರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಉತ್ತರ ಬಂದೊಡನೆ ಅಲ್ಲಿಗೆ ಸುರಿಯುತ್ತಿದ್ದೆ. ಮಾಡಬೇಕಾದದ್ದು ಇದು:

```
for r in regs:
    if r.tag == bus.tag:
        r.value = bus.value
        r.tag = None
```

14ರಲ್ಲಿ M1 ಎಂಬ ಟ್ಯಾಗಿನೊಂದಿಗೆ 5 ಬಂದಾಗ ಯಾವ ರಿಜಿಸ್ಟರೂ M1ಕ್ಕೆ ಕಾಯುತ್ತಿಲ್ಲ. A1 ಮಾತ್ರ ಕಾಯುತ್ತಿದೆ, ಅದು ಪಡೆದುಕೊಳ್ಳುತ್ತದೆ. F0ಗೆ 5 ಹೋಗುವುದೇ ಇಲ್ಲ. ಆಮೇಲಿನಿಂದ ಅದೇ ಪ್ರೋಗ್ರಾಮನ್ನು ಸಾಲುಸಾಲಾಗಿ ನಡೆಸುವ ಹತ್ತಿಪ್ಪತ್ತು ಸಾಲಿನ ಇನ್ನೊಂದು ಕೋಡ್ ಇಟ್ಟುಕೊಂಡು, ಕೊನೆಯಲ್ಲಿ ಎಲ್ಲ ರಿಜಿಸ್ಟರುಗಳನ್ನೂ ಹೋಲಿಸುತ್ತೇನೆ. ಮಧ್ಯದ ಉತ್ತರಗಳನ್ನು ಮಾತ್ರ ನೋಡಿ ನಂಬುವುದಿಲ್ಲ.

ಇನ್ನೊಂದು ತಪ್ಪು ಬೇಗ ಸಿಕ್ಕಿತು. `ADD F0, F0, F2` ಹೊರಡುವಾಗ ಮೊದಲು F0ಗೆ ಹೊಸ ಟ್ಯಾಗ್ ಬರೆದು ಆಮೇಲೆ ಮೂಲಗಳನ್ನು ಓದಿದರೆ, ಆದೇಶ ತನಗಾಗಿ ತಾನೇ ಕಾಯುತ್ತಾ ಕೂರುತ್ತದೆ, ಸಿಮ್ಯುಲೇಟರ್ ನಿಂತುಬಿಡುತ್ತದೆ. ಓದು ಮೊದಲು, ಟ್ಯಾಗ್ ಆಮೇಲೆ.

F2ರಲ್ಲಿ 0 ಇಟ್ಟಾಗ ಈ ವಿಧಾನದ ಮಿತಿ ಕಂಡಿತು. ಸೊನ್ನೆಯಿಂದ ಭಾಗಿಸಿದರೆ ದೋಷವೆಂದು ನಿಲ್ಲುವಂತೆ ಬರೆದಿದ್ದೆ. ಆದರೆ DIV ನಿಲ್ಲುವ ಹೊತ್ತಿಗೆ ಅದರ ನಂತರದ SUB, MUL ಎರಡೂ ಮುಗಿದು F0, F4 ಬದಲಾಗಿದ್ದವು. DIVನ ಮುಂಚಿನ ಸ್ಥಿತಿ ಎಲ್ಲಿಯೂ ಉಳಿದಿರಲಿಲ್ಲ. ಅದಕ್ಕಾಗಿ ಈಗ, ಮುಗಿದ ಉತ್ತರಗಳನ್ನು ತಮ್ಮ ಸರದಿ ಬರುವವರೆಗೆ ಹಿಡಿದಿಡುವ ರೀಆರ್ಡರ್ ಬಫರ್ ಸೇರಿಸುತ್ತಿದ್ದೇನೆ. ಅದರಲ್ಲಿ ಟ್ಯಾಗ್ ಸ್ಟೇಷನ್ನಿನ ಬದಲು ಬಫರಿನ ಸಾಲನ್ನು ಹೆಸರಿಸುತ್ತದೆ, ರಿಜಿಸ್ಟರುಗಳಿಗೆ ಬರೆಯುವುದು ಪ್ರೋಗ್ರಾಮಿನ ಕ್ರಮದಲ್ಲೇ ನಡೆಯುತ್ತದೆ. ಹಾಗಾಗಿ F0ಗೆ ಮೊದಲು 5, ಆಮೇಲೆ 8, ಎರಡೂ ಹೋಗುತ್ತವೆ. ಟ್ಯಾಗ್ ಹೋಲಿಕೆ ಅಲ್ಲಿಯೂ ಉಳಿಯುತ್ತದೆ, ಆದರೆ ಮೌಲ್ಯ ಬರೆಯಬೇಕೇ ಎಂದು ತೀರ್ಮಾನಿಸಲು ಅಲ್ಲ, ಟ್ಯಾಗನ್ನು ಅಳಿಸಬಹುದೇ ಎಂದು ನೋಡಲು ಮಾತ್ರ.